ಗೆರೆಯೊಳಗೇ ಉಳಿಯುವ ತಪ್ಪು

ರಕ್ತದ ಸಕ್ಕರೆ ಅಳೆಯುವ ಯಂತ್ರಕ್ಕೆ ದಿನದ ಮೊದಲ ಪರೀಕ್ಷೆಯಾಗಿ ಪ್ರಯೋಗಾಲಯದವರು ಕಂಟ್ರೋಲ್ ಸೀರಂ ಎಂಬ ದ್ರವವನ್ನು ಕೊಡುತ್ತಾರೆ. ಅದರಲ್ಲಿ ಎಷ್ಟು ಸಕ್ಕರೆ ಇದೆ ಎಂಬುದು ಮೊದಲೇ ಗೊತ್ತಿರುತ್ತದೆ. ಯಂತ್ರ ಅದಕ್ಕೆ ಹತ್ತಿರದ ಉತ್ತರ ಕೊಟ್ಟರೆ ಮಾತ್ರ ರೋಗಿಗಳ ರಕ್ತದ ಸರದಿ. ಈ ಉತ್ತರಗಳನ್ನು ದಿನವೂ ಒಂದು ಹಾಳೆಯ ಮೇಲೆ ಚುಕ್ಕೆಯಾಗಿ ಗುರುತಿಸುತ್ತ ಹೋದರೆ ಸಿಗುವುದೇ ಕಂಟ್ರೋಲ್ ಚಾರ್ಟ್. ಹಾಳೆಯ ನಡುವೆ ಸರಾಸರಿಯ ಗೆರೆ, ಅದರ ಮೇಲೆ ಕೆಳಗೆ ಮಿತಿಯ ಗೆರೆಗಳು. ಚುಕ್ಕೆ ಮಿತಿಯೊಳಗೆ ಬಿದ್ದರೆ ಸರಿ, ಹೊರಗೆ ಬಿದ್ದರೆ ತಪ್ಪು ಎಂದು ಓದುವುದು ರೂಢಿ. ಆದರೆ ರೋಗಿಗೆ ಹೆಚ್ಚು ಹಾನಿ ಮಾಡುವ ತಪ್ಪುಗಳು ಎಷ್ಟೋ ಸಲ ಗೆರೆಯನ್ನು ದಾಟುವುದೇ ಇಲ್ಲ. ಅವು ಗೆರೆಯೊಳಗೇ ಇದ್ದುಕೊಂಡು ದಿನಗಟ್ಟಲೆ ವರದಿಗಳನ್ನು ಒಂದೇ ಕಡೆಗೆ ವಾಲಿಸುತ್ತವೆ. ಅವನ್ನು ಹಿಡಿಯಬೇಕಾದರೆ ಚುಕ್ಕೆಗಳನ್ನು ಬಿಡಿಬಿಡಿಯಾಗಿ ನೋಡದೆ ಸಾಲಾಗಿ ಓದಬೇಕು.

ಈ ವಿಧಾನ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಟೆಲಿಫೋನ್ ಉದ್ಯಮದಲ್ಲಿ. ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯ ಬಳಗದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಶೆವಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ರೂಪಿಸಿದರು. ಕಾರ್ಖಾನೆಯಲ್ಲಿ ತಯಾರಾಗುವ ವಸ್ತುಗಳಲ್ಲಿ ಸಹಜವಾಗಿ ಇರುವ ಏರಿಳಿತ ಎಷ್ಟು, ಕಾರಣ ಹುಡುಕಬೇಕಾದ ಏರಿಳಿತ ಎಷ್ಟು ಎಂದು ಬೇರ್ಪಡಿಸುವುದು ಅವರ ಗುರಿಯಾಗಿತ್ತು. 1947ರಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬ ಇಬ್ಬರು ವೈದ್ಯರು ಒಂದೇ ಮಾದರಿಯನ್ನು ಪೆನ್ಸಿಲ್ವೇನಿಯಾದ ಹಲವು ಪ್ರಯೋಗಾಲಯಗಳಿಗೆ ಕಳಿಸಿ ನೋಡಿದಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮೂರು ವರ್ಷಗಳ ನಂತರ, 1950ರಲ್ಲಿ, ಲೀವಿ ಮತ್ತು ಜೆನ್ನಿಂಗ್ಸ್ ಶೆವಾರ್ಟರ ಚಾರ್ಟನ್ನು ವೈದ್ಯಕೀಯ ಪ್ರಯೋಗಾಲಯಕ್ಕೆ ತಂದರು. ಇವತ್ತಿಗೂ ಲ್ಯಾಬ್ ಟೆಕ್ನಿಷಿಯನ್‌ಗಳು ಇದನ್ನು ಎಲ್‌ಜೆ ಚಾರ್ಟ್ ಎಂದೇ ಕರೆಯುತ್ತಾರೆ.

ಅಕ್ಯುರಸಿ ಒಂದು, ಪ್ರಿಸಿಷನ್ ಇನ್ನೊಂದು

ಚಾರ್ಟ್ ಓದುವ ಮೊದಲು ಎರಡು ಗುಣಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಅಳತೆಯ ಉತ್ತರ ನಿಜವಾದ ಮೌಲ್ಯಕ್ಕೆ ಎಷ್ಟು ಹತ್ತಿರವಿದೆ ಎಂಬುದು ಅಕ್ಯುರಸಿ. ಅದೇ ಮಾದರಿಯನ್ನು ಮತ್ತೆ ಮತ್ತೆ ಅಳೆದಾಗ ಉತ್ತರಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದು ಪ್ರಿಸಿಷನ್. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದು ಹೇಳಲಾಗದು.

ಒಂದು ಸೀರಂನಲ್ಲಿ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಸಕ್ಕರೆ ಇದೆ ಎಂದಿಟ್ಟುಕೊಳ್ಳಬಹುದು. ಬರಿ ಹೊಟ್ಟೆಯಲ್ಲಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ಮಧುಮೇಹ ಎಂದು ಪರಿಗಣಿಸುವುದರಿಂದ ಈ ಅಂಕಿಗೆ ತೂಕವಿದೆ. ಇದೇ ಸೀರಂ ಅನ್ನು ಮೂರು ಪ್ರಯೋಗಾಲಯಗಳು ಐದೈದು ಸಲ ಅಳೆದವು ಎನ್ನೋಣ. ಮೊದಲನೆಯದರ ಉತ್ತರ 126, 125, 127, 126, 126. ಎರಡನೆಯದರದು 134, 133, 134, 135, 134. ಮೂರನೆಯದರದು 118, 135, 124, 131, 122.

ಮೊದಲ ಪ್ರಯೋಗಾಲಯದಲ್ಲಿ ಎರಡೂ ಗುಣಗಳಿವೆ. ಎರಡನೆಯದರಲ್ಲಿ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಆದರೆ ಎಲ್ಲವೂ ಸುಮಾರು 8 ಮಿಲಿಗ್ರಾಂ ಮೇಲಿವೆ. ಅಂದರೆ ಪ್ರಿಸಿಷನ್ ಇದೆ, ಅಕ್ಯುರಸಿ ಇಲ್ಲ. ಹೀಗೆ ಎಲ್ಲ ಉತ್ತರಗಳೂ ಒಂದೇ ದಿಕ್ಕಿಗೆ ಸರಿದಿರುವುದನ್ನು ಬಯಾಸ್ ಎನ್ನುತ್ತಾರೆ. ಮೂರನೆಯದರ ಐದೂ ಉತ್ತರಗಳ ಸರಾಸರಿ ತೆಗೆದರೆ ಸರಿಯಾಗಿ 126 ಬರುತ್ತದೆ. ಆದರೂ ಅದನ್ನು ನಂಬುವಂತಿಲ್ಲ. ರೋಗಿಯ ರಕ್ತವನ್ನು ಯಾರೂ ಐದು ಸಲ ಅಳೆದು ಸರಾಸರಿ ತೆಗೆಯುವುದಿಲ್ಲ. ಒಂದೇ ಸಲ ಅಳೆಯುತ್ತಾರೆ, ಆ ಒಂದು ಸಲ 118 ಬರಬಹುದು, 135 ಬರಬಹುದು. ಪ್ರಿಸಿಷನ್ ಇಲ್ಲದ ಕಡೆ ಸರಾಸರಿ ಸರಿಯಿದ್ದರೂ ಪ್ರತಿ ರೋಗಿಯ ವರದಿ ಅದೃಷ್ಟದ ಮಾತಾಗುತ್ತದೆ.

ಪ್ರಿಸಿಷನ್ ಎಷ್ಟಿದೆ ಎಂದು ಅಳೆಯಲು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಎಸ್‌ಡಿ, ಎಂಬ ಅಂಕಿಯನ್ನು ಬಳಸುತ್ತಾರೆ. ಮೂರನೇ ಪ್ರಯೋಗಾಲಯದ ಉತ್ತರಗಳು ಸರಾಸರಿಯಿಂದ ಕ್ರಮವಾಗಿ 8, 9, 2, 5 ಮತ್ತು 4ರಷ್ಟು ದೂರವಿವೆ. ಈ ದೂರಗಳ ವರ್ಗಗಳನ್ನು ಕೂಡಿದರೆ 190. ಉತ್ತರಗಳ ಸಂಖ್ಯೆಯಲ್ಲಿ ಒಂದು ಕಳೆದು, ಅಂದರೆ 4ರಿಂದ, ಭಾಗಿಸಿದರೆ 47.5. ಅದರ ವರ್ಗಮೂಲ ಸುಮಾರು 6.9. ಇದೇ ಅಲ್ಲಿನ ಎಸ್‌ಡಿ. ಮೊದಲ ಎರಡು ಪ್ರಯೋಗಾಲಯಗಳಿಗೆ ಇದೇ ಲೆಕ್ಕ ಹಾಕಿದರೆ ಎರಡಕ್ಕೂ 0.7 ಬರುತ್ತದೆ. ಎಸ್‌ಡಿ ಮಾತ್ರ ನೋಡಿದವರಿಗೆ ಸರಿಯಾದ ಪ್ರಯೋಗಾಲಯಕ್ಕೂ 8 ಮಿಲಿಗ್ರಾಂ ಹೆಚ್ಚು ತೋರಿಸುವ ಪ್ರಯೋಗಾಲಯಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಎಸ್‌ಡಿ ಚದುರುವಿಕೆಯನ್ನು ಹೇಳುತ್ತದೆ, ಸರಾಸರಿ ಎಲ್ಲಿ ನಿಂತಿದೆ ಎಂಬುದನ್ನಲ್ಲ. ಹಾಗಾಗಿಯೇ ಕಂಟ್ರೋಲ್ ಚಾರ್ಟಿನಲ್ಲಿ ಇವೆರಡನ್ನೂ ನೋಡಬೇಕಾಗುತ್ತದೆ.

ಗೆರೆಗಳು ಎಲ್ಲಿಂದ ಬರುತ್ತವೆ

ಕಂಟ್ರೋಲ್ ಸೀರಂ ಸಾಮಾನ್ಯವಾಗಿ ಒಣಗಿಸಿದ ಪುಡಿಯಾಗಿ ಸಣ್ಣ ಬಾಟಲಿಯಲ್ಲಿ ಬರುತ್ತದೆ. ಅದಕ್ಕೆ ನಿಗದಿತ ಅಳತೆಯ ಡಿಸ್ಟಿಲ್ಡ್ ವಾಟರ್ ಹಾಕಿ, ಕುಲುಕದೆ ನಿಧಾನವಾಗಿ ತಿರುಗಿಸುತ್ತ, ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟು ಕರಗಿಸುತ್ತಾರೆ. ಕುಲುಕಿದರೆ ನೊರೆ ಬಂದು ಪ್ರೋಟೀನು ಕೆಡುತ್ತದೆ. ಸಕ್ಕರೆಯ ಪರೀಕ್ಷೆಗೆ ಎರಡು ಮಟ್ಟದ ಕಂಟ್ರೋಲ್ ಬೇಕು: ಆರೋಗ್ಯವಂತರ ಮಟ್ಟಕ್ಕೆ ಹತ್ತಿರದ್ದೊಂದು, ರೋಗಿಗಳ ಮಟ್ಟದ್ದೊಂದು.

ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ಒಂದು ಸರಾಸರಿಯೂ ಒಂದು ವ್ಯಾಪ್ತಿಯೂ ಅಚ್ಚಾಗಿರುತ್ತವೆ. ಆ ವ್ಯಾಪ್ತಿಯನ್ನೇ ಮಿತಿಯಾಗಿ ಇಟ್ಟುಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಬೇರೆ ಬೇರೆ ಊರುಗಳ ಬೇರೆ ಬೇರೆ ಯಂತ್ರಗಳಿಗೆಲ್ಲ ಹೊಂದಬೇಕಾದ ವ್ಯಾಪ್ತಿ ಅದು, ಹಾಗಾಗಿ ಅಗಲವಾಗಿರುತ್ತದೆ. ಪ್ರಯೋಗಾಲಯ ತನ್ನದೇ ಯಂತ್ರದಲ್ಲಿ, ತನ್ನದೇ ಸಿಬ್ಬಂದಿಯ ಕೈಯಲ್ಲಿ, ಕನಿಷ್ಠ 20 ಬೇರೆ ಬೇರೆ ದಿನಗಳ ಅಳತೆಗಳನ್ನು ತೆಗೆದು ಅವುಗಳಿಂದ ಸರಾಸರಿ ಮತ್ತು ಎಸ್‌ಡಿ ಕಂಡುಕೊಳ್ಳಬೇಕು. ಒಂದೇ ದಿನ ಕೂತು 20 ಸಲ ಅಳೆದರೆ ಎಸ್‌ಡಿ ತೀರ ಚಿಕ್ಕದಾಗಿ ಬರುತ್ತದೆ. ದಿನದಿಂದ ದಿನಕ್ಕೆ ಆಗುವ ಉಷ್ಣಾಂಶದ ವ್ಯತ್ಯಾಸ, ಕೈ ಬದಲಾಗುವುದು, ಹೊಸ ಬಾಟಲಿ ತೆರೆಯುವುದು ಇವೊಂದೂ ಅದರಲ್ಲಿ ಸೇರಿರುವುದಿಲ್ಲ.

ಇಲ್ಲಿಂದ ಮುಂದೆ ಒಂದೇ ಉದಾಹರಣೆಯನ್ನು ಹಿಂಬಾಲಿಸಬಹುದು. ಕೆಳಮಟ್ಟದ ಕಂಟ್ರೋಲಿನ ಸರಾಸರಿ 120, ಎಸ್‌ಡಿ 3. ಮೇಲ್ಮಟ್ಟದ್ದರ ಸರಾಸರಿ 280, ಎಸ್‌ಡಿ 7. ಕೆಳಮಟ್ಟದ ಚಾರ್ಟಿನಲ್ಲಿ ನಡುಗೆರೆ 120ರಲ್ಲಿ, ಒಂದು ಎಸ್‌ಡಿ ಗೆರೆಗಳು 117 ಮತ್ತು 123ರಲ್ಲಿ, ಎರಡು ಎಸ್‌ಡಿ ಗೆರೆಗಳು 114 ಮತ್ತು 126ರಲ್ಲಿ, ಮೂರು ಎಸ್‌ಡಿ ಗೆರೆಗಳು 111 ಮತ್ತು 129ರಲ್ಲಿ ಬೀಳುತ್ತವೆ. ಯಂತ್ರ ಚೆನ್ನಾಗಿದ್ದರೆ ನೂರರಲ್ಲಿ ಸುಮಾರು 68 ಚುಕ್ಕೆಗಳು ಒಂದು ಎಸ್‌ಡಿಯೊಳಗೆ, ಸುಮಾರು 95 ಎರಡು ಎಸ್‌ಡಿಯೊಳಗೆ ಇರುತ್ತವೆ. ಮೂರು ಎಸ್‌ಡಿ ದಾಟುವುದು ಸಾವಿರಕ್ಕೆ ಮೂರರಷ್ಟು ಮಾತ್ರ.

ಎರಡು ಎಸ್‌ಡಿ ದಾಟಿದಾಗ

ಹಲವು ಕಡೆ ನಡೆಯುವುದು ಇಷ್ಟು: ಎರಡು ಎಸ್‌ಡಿಯೊಳಗಿದ್ದರೆ ಪಾಸು, ಹೊರಗಿದ್ದರೆ ಮತ್ತೆ ಅಳೆಯುವುದು, ಒಳಗೆ ಬರುವವರೆಗೂ ಅಳೆಯುವುದು. ಈ ರೂಢಿಯಲ್ಲಿ ಎರಡು ಕಡೆ ತಪ್ಪಿದೆ.

ಮೊದಲನೆಯದು, ಯಂತ್ರ ಸರಿಯಿದ್ದಾಗಲೂ ಇಪ್ಪತ್ತರಲ್ಲಿ ಒಂದು ಚುಕ್ಕೆ ಎರಡು ಎಸ್‌ಡಿ ದಾಟುತ್ತದೆ. ದಿನಕ್ಕೆ ಎರಡು ಕಂಟ್ರೋಲ್ ಹಾಕಿದರೆ, ಎರಡರಲ್ಲಿ ಒಂದಾದರೂ ದಾಟುವ ಸಾಧ್ಯತೆ ಶೇಕಡಾ 9ರ ಹತ್ತಿರ. ಹನ್ನೊಂದು ದಿನಕ್ಕೊಮ್ಮೆ ಸುಳ್ಳು ಗಂಟೆ ಬಾರಿಸಿದಂತೆ. ಹೀಗೆ ಕಾರಣವಿಲ್ಲದೆ ಕೂಗುವ ಎಚ್ಚರಿಕೆಗೆ ಸಿಬ್ಬಂದಿ ಒಗ್ಗಿಕೊಂಡುಬಿಡುತ್ತಾರೆ. ನಿಜವಾದ ತಪ್ಪಾದ ದಿನವೂ ಇನ್ನೊಮ್ಮೆ ಅಳೆದು ಮುಂದೆ ಹೋಗುತ್ತಾರೆ. ಎರಡನೆಯದು, ಗೆರೆಯೊಳಗಿನ ಚುಕ್ಕೆಗಳನ್ನು ಯಾರೂ ಮತ್ತೆ ತಿರುಗಿ ನೋಡುವುದಿಲ್ಲ.

1981ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು ಇದಕ್ಕೆ ನಿಯಮಗಳ ಒಂದು ಗುಂಪನ್ನೇ ಮುಂದಿಟ್ಟರು. ಒಂದು ಚುಕ್ಕೆ ಎರಡು ಎಸ್‌ಡಿ ದಾಟಿದರೆ ಅದು ಎಚ್ಚರಿಕೆ ಮಾತ್ರ. ಆಗ ಉಳಿದ ನಿಯಮಗಳನ್ನು ಒಂದೊಂದಾಗಿ ನೋಡಬೇಕು. ಒಂದು ಚುಕ್ಕೆ ಮೂರು ಎಸ್‌ಡಿ ದಾಟಿದ್ದರೆ ಆ ದಿನದ ವರದಿ ನಿಲ್ಲಿಸಬೇಕು. ಸತತ ಎರಡು ಚುಕ್ಕೆಗಳು ಒಂದೇ ಬದಿಯಲ್ಲಿ ಎರಡು ಎಸ್‌ಡಿ ದಾಟಿದ್ದರೂ, ಒಂದೇ ಸುತ್ತಿನ ಎರಡು ಕಂಟ್ರೋಲುಗಳಲ್ಲಿ ಒಂದು ಎರಡು ಎಸ್‌ಡಿ ಮೇಲೆ, ಇನ್ನೊಂದು ಎರಡು ಎಸ್‌ಡಿ ಕೆಳಗೆ ಹೋಗಿದ್ದರೂ ನಿಲ್ಲಿಸಬೇಕು. ಸತತ ನಾಲ್ಕು ಚುಕ್ಕೆಗಳು ಒಂದೇ ಬದಿಯಲ್ಲಿ ಒಂದು ಎಸ್‌ಡಿ ದಾಟಿದ್ದರೆ, ಅಥವಾ ಸತತ ಹತ್ತು ಚುಕ್ಕೆಗಳು ಸರಾಸರಿಯ ಒಂದೇ ಬದಿಯಲ್ಲಿದ್ದರೆ ಕಾರಣ ಹುಡುಕಬೇಕು. ಯಂತ್ರದ ಪರದೆಯ ಮೇಲೆ ಈ ನಿಯಮಗಳು 1-3s, 2-2s, R-4s, 4-1s, 10x ಎಂಬ ಗುರುತುಗಳಾಗಿ ಕಾಣಿಸಿಕೊಳ್ಳುತ್ತವೆ.

ಈ ನಿಯಮಗಳು ತಪ್ಪಿನ ಸ್ವಭಾವವನ್ನೂ ಹೇಳುತ್ತವೆ. ಕೆಳಮಟ್ಟದ ಕಂಟ್ರೋಲ್ 127, ಅದೇ ಹೊತ್ತಿನ ಮೇಲ್ಮಟ್ಟದ್ದು 265 ಬಂದರೆ ಒಂದು ಮೇಲೆ, ಒಂದು ಕೆಳಗೆ. ಒಂದೇ ದಿಕ್ಕಿಗೆ ಎಳೆಯುವ ಕಾರಣವೊಂದು ಹೀಗೆ ಮಾಡಲಾರದು. ಇದು ಪ್ರಿಸಿಷನ್ ಕೆಟ್ಟಿರುವ ಗುರುತು, ರ‍್ಯಾಂಡಮ್ ಎರರ್. ರೀಏಜೆಂಟ್ ಹೀರುವ ನಳಿಕೆಯಲ್ಲಿ ಗಾಳಿಗುಳ್ಳೆ, ಪಿಪೆಟ್ ತುದಿ ಸಡಿಲ, ಸರಿಯಾಗಿ ಬೆರೆಯದ ಮಾದರಿ, ವಿದ್ಯುತ್ ವೋಲ್ಟೇಜ್ ಏರುಪೇರು ಇಂಥವು ಇದಕ್ಕೆ ಕಾರಣ. ಬದಲಿಗೆ ಚುಕ್ಕೆಗಳೆಲ್ಲ ಒಂದೇ ಬದಿಗೆ ಸೇರಿದರೆ ಅದು ಸಿಸ್ಟಮ್ಯಾಟಿಕ್ ಎರರ್, ಅಕ್ಯುರಸಿ ಕೆಟ್ಟಿರುವ ಗುರುತು. ಇದು ಎರಡು ರೂಪದಲ್ಲಿ ಬರುತ್ತದೆ: ಥಟ್ಟನೆ ಜಿಗಿದರೆ ಶಿಫ್ಟ್, ಮೆಲ್ಲಮೆಲ್ಲನೆ ಸರಿದರೆ ಟ್ರೆಂಡ್.

ಶಿಫ್ಟ್: ಒಂದೇ ಜಿಗಿತ

ಉದಾಹರಣೆಯ ಪ್ರಯೋಗಾಲಯದಲ್ಲಿ ಮೊದಲ ಹತ್ತು ದಿನಗಳ ಕೆಳಮಟ್ಟದ ಕಂಟ್ರೋಲಿನ ಉತ್ತರಗಳು ಹೀಗಿವೆ: 119, 123, 116, 121, 124, 117, 120, 115, 122, 123. ಸರಾಸರಿ 120, ಚುಕ್ಕೆಗಳು ಗೆರೆಯ ಎರಡೂ ಬದಿಗೆ ಹಂಚಿಕೊಂಡಿವೆ. ಆರೋಗ್ಯವಂತ ಚಾರ್ಟ್ ಕಾಣಬೇಕಾದುದೇ ಹೀಗೆ. ಹನ್ನೊಂದನೇ ದಿನದಿಂದ ಬಂದ ಉತ್ತರಗಳು 125, 124, 125, 126, 124, 125.

ಈ ಆರರಲ್ಲಿ ಒಂದೂ ಎರಡು ಎಸ್‌ಡಿಯ ಗೆರೆಯನ್ನು ದಾಟಿಲ್ಲ. ಒಳಗೋ ಹೊರಗೋ ಎಂದಷ್ಟೇ ನೋಡುವ ಪ್ರಯೋಗಾಲಯದಲ್ಲಿ ಆರು ದಿನವೂ ಪಾಸು. ಆದರೆ ಆರರ ಸರಾಸರಿ 124.8. ನಡುಗೆರೆ ಇದ್ದಲ್ಲೇ ಇದೆ, ಚುಕ್ಕೆಗಳ ಗುಂಪು ಮಾತ್ರ ಸುಮಾರು 5 ಮಿಲಿಗ್ರಾಂ ಮೇಲಕ್ಕೆ ಎದ್ದು ಅಲ್ಲೇ ನೆಲೆಸಿದೆ. ಇದು ಶಿಫ್ಟ್. ಈ ದಿನಗಳಲ್ಲಿ ನಿಜವಾಗಿ 122 ಸಕ್ಕರೆ ಇರುವ ವ್ಯಕ್ತಿಯ ವರದಿಯಲ್ಲಿ 127 ಎಂದು ಬರುತ್ತದೆ. ಆತ 126ರ ಗಡಿ ದಾಟಿದವರ ಸಾಲಿಗೆ ಸೇರುತ್ತಾನೆ.

ನಾಲ್ಕು ಚುಕ್ಕೆಗಳ ನಿಯಮ ಇದನ್ನು ಹದಿನಾಲ್ಕನೇ ದಿನ ಹಿಡಿಯುತ್ತದೆ. ಅಂದಿಗೆ ಸತತ ನಾಲ್ಕು ಚುಕ್ಕೆಗಳು 123ರ ಮೇಲಿವೆ. ಯಂತ್ರ ಸರಿಯಿದ್ದಾಗ ಮುಂದಿನ ನಾಲ್ಕು ಚುಕ್ಕೆಗಳೂ ಹೀಗೆ ಮೇಲಿನ ಒಂದು ಎಸ್‌ಡಿ ದಾಟುವುದು ಆಕಸ್ಮಿಕವಾಗಿ ನಡೆಯುವ ಸಾಧ್ಯತೆ ಸುಮಾರು 1,500ಕ್ಕೆ ಒಂದು. ಆದರೆ ನಾಲ್ಕು ದಿನ ಕಾಯಬೇಕಾಗಿಲ್ಲ. ಮೇಲ್ಮಟ್ಟದ ಕಂಟ್ರೋಲ್ ಆ ದಿನಗಳಲ್ಲಿ 290, 292 ಎಂದು ಬಂದಿದ್ದರೆ ಅವೂ ತಮ್ಮ ಒಂದು ಎಸ್‌ಡಿ ಗೆರೆಯಾದ 287ರ ಮೇಲಿವೆ. ಎರಡು ಚಾರ್ಟುಗಳನ್ನು ಒಟ್ಟಿಗೆ ಓದಿದರೆ ಹನ್ನೆರಡನೇ ದಿನಕ್ಕೇ ನಾಲ್ಕು ಚುಕ್ಕೆಗಳು ಸಿಗುತ್ತವೆ. ಎರಡು ಮಟ್ಟದ ಕಂಟ್ರೋಲ್ ಹಾಕುವ ಖರ್ಚಿನಿಂದ ಎರಡು ದಿನದ ರೋಗಿಗಳು ತಪ್ಪು ವರದಿಯಿಂದ ಪಾರಾಗುತ್ತಾರೆ.

ಇನ್ನು ಕಾರಣ. ಶಿಫ್ಟ್ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಜಿಗಿತದ ಹಿಂದಿನ ದಿನಕ್ಕೂ ಆ ದಿನಕ್ಕೂ ನಡುವೆ ಏನು ಬದಲಾಯಿತು? ಲಾಗ್ ಪುಸ್ತಕ ಸರಿಯಾಗಿ ಬರೆದಿದ್ದರೆ ಉತ್ತರ ಅಲ್ಲೇ ಇರುತ್ತದೆ. ಹೊಸ ಲಾಟ್ ರೀಏಜೆಂಟ್, ಹೊಸ ಕ್ಯಾಲಿಬ್ರೇಟರ್, ಬದಲಿಸಿದ ದೀಪ, ದುರಸ್ತಿಯಾದ ಪಿಪೆಟ್ ಇವು ಸಾಮಾನ್ಯ ಕಾರಣಗಳು. ಇಲ್ಲಿ ಹನ್ನೊಂದನೇ ದಿನ ಹೊಸ ಕ್ಯಾಲಿಬ್ರೇಟರ್ ಕರಗಿಸಿದ್ದರು. ಕ್ಯಾಲಿಬ್ರೇಟರ್ ಎಂದರೆ ಇಷ್ಟು ಬಣ್ಣಕ್ಕೆ ಇಷ್ಟು ಸಕ್ಕರೆ ಎಂದು ಯಂತ್ರಕ್ಕೆ ಕಲಿಸುವ ದ್ರವ. ಅದಕ್ಕೆ ಸರಿಯಾಗಿ 5 ಮಿಲಿಲೀಟರ್ ನೀರು ಹಾಕಬೇಕು. ನಿಖರ ಅಳತೆಯ ವಾಲ್ಯುಮೆಟ್ರಿಕ್ ಪಿಪೆಟ್ ಬದಲು ಸಿರಿಂಜ್ ಬಳಸಿದ್ದರಿಂದ 5.2 ಮಿಲಿಲೀಟರ್ ಬಿತ್ತು. ಕ್ಯಾಲಿಬ್ರೇಟರ್ ತೆಳುವಾಯಿತು. ಯಂತ್ರಕ್ಕೆ ಅದು ಗೊತ್ತಿಲ್ಲ. ತೆಳು ದ್ರಾವಣ ಕೊಟ್ಟ ಕಡಿಮೆ ಬಣ್ಣವನ್ನೇ ಬಾಟಲಿಯ ಮೇಲೆ ಬರೆದ ಪೂರ್ತಿ ಮೌಲ್ಯವೆಂದು ಅದು ನಂಬಿತು. ಮುಂದಿನ ಪ್ರತಿ ಉತ್ತರವೂ ಶೇಕಡಾ 4 ಹೆಚ್ಚಾಯಿತು. 120ಕ್ಕೆ ಶೇಕಡಾ 4 ಸೇರಿಸಿದರೆ 124.8, 280ಕ್ಕೆ ಸೇರಿಸಿದರೆ 291.2. ಚಾರ್ಟ್ ತೋರಿಸಿದ್ದೂ ಅದನ್ನೇ. ತಪ್ಪು ಹೀಗೆ ಮೌಲ್ಯದ ಜೊತೆ ಬೆಳೆಯುತ್ತಿದ್ದರೆ ಅನುಮಾನ ಕ್ಯಾಲಿಬ್ರೇಷನ್ ಕಡೆಗೆ ತಿರುಗಬೇಕು. ಎರಡೂ ಮಟ್ಟದಲ್ಲಿ ಹೆಚ್ಚುವರಿ ಒಂದೇ ಅಳತೆಯದಾಗಿದ್ದರೆ, ಉದಾಹರಣೆಗೆ ಎರಡಕ್ಕೂ 5 ಮಿಲಿಗ್ರಾಂ, ರೀಏಜೆಂಟ್ ಬ್ಲ್ಯಾಂಕ್ ಸರಿಯಾಗಿ ಕಳೆದಿದೆಯೇ ಎಂದು ನೋಡಬೇಕು.

ಹೊಸ ಕ್ಯಾಲಿಬ್ರೇಟರನ್ನು ಸರಿಯಾದ ಪಿಪೆಟ್‌ನಿಂದ ಕರಗಿಸಿ, ಯಂತ್ರಕ್ಕೆ ಮತ್ತೆ ಕಲಿಸಿ, ಎರಡೂ ಕಂಟ್ರೋಲ್ ಹಾಕಿದಾಗ ಚುಕ್ಕೆಗಳು ನಡುಗೆರೆಗೆ ಮರಳಿದರೆ ಕಾರಣ ಖಚಿತವಾದಂತೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹನ್ನೊಂದನೇ ದಿನದಿಂದ ಹೊರಹೋದ ವರದಿಗಳಲ್ಲಿ 126ರ ಆಸುಪಾಸಿನವನ್ನು ಹುಡುಕಿ, ಮಾದರಿ ಉಳಿದಿದ್ದರೆ ಮತ್ತೆ ಅಳೆದು, ಇಲ್ಲದಿದ್ದರೆ ರೋಗಿಯನ್ನು ಮತ್ತೆ ಕರೆಸಿ ವರದಿ ತಿದ್ದಬೇಕು. ಇದರ ಬದಲು ಹೊಸ ಚುಕ್ಕೆಗಳಿಗೆ ಹೊಂದುವಂತೆ ಸರಾಸರಿಯನ್ನೇ 125ಕ್ಕೆ ಏರಿಸಿಬಿಟ್ಟರೆ ಚಾರ್ಟ್ ಚೆಂದವಾಗುತ್ತದೆ, ವರದಿಗಳು ತಪ್ಪಾಗಿಯೇ ಉಳಿಯುತ್ತವೆ.

ಚೀಟಿಯ ಅಗಲವಾದ ವ್ಯಾಪ್ತಿಯನ್ನು ಮಿತಿಯಾಗಿ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬುದೂ ಇಲ್ಲಿ ತಿಳಿಯುತ್ತದೆ. 102ರಿಂದ 138ರವರೆಗೆ ಎರಡು ಎಸ್‌ಡಿ ಎಂದು ಬರೆದುಕೊಂಡಿದ್ದರೆ ಒಂದು ಎಸ್‌ಡಿ 9 ಆಗುತ್ತದೆ. ಆಗ 125 ಎಂಬ ಚುಕ್ಕೆ ಒಂದು ಎಸ್‌ಡಿ ಗೆರೆಯನ್ನೂ ಮುಟ್ಟುವುದಿಲ್ಲ. ನಾಲ್ಕು ಚುಕ್ಕೆಗಳ ನಿಯಮ ತಿಂಗಳಾದರೂ ಎಚ್ಚರಿಸುವುದಿಲ್ಲ.

ಟ್ರೆಂಡ್: ಮೆಲ್ಲನೆ ಸರಿಯುವಿಕೆ

ಈಗ ಇನ್ನೊಂದು ತಿಂಗಳ ಚಾರ್ಟ್. ಏಳು ದಿನಗಳ ಉತ್ತರಗಳು 123, 122, 120, 119, 118, 116, 115. ಎಲ್ಲವೂ ಎರಡು ಎಸ್‌ಡಿಯ ಒಳಗೆ. ಒಂದು ಎಸ್‌ಡಿಯ ಕೆಳಗೆ ಇರುವುದು ಕೊನೆಯ ಎರಡು ಮಾತ್ರ, ಹಾಗಾಗಿ ನಾಲ್ಕು ಚುಕ್ಕೆಗಳ ನಿಯಮಕ್ಕೂ ಸಿಗಲಿಲ್ಲ. ಸರಾಸರಿಯ ಎರಡೂ ಬದಿಗೆ ಚುಕ್ಕೆಗಳಿರುವುದರಿಂದ ಹತ್ತರ ನಿಯಮಕ್ಕೂ ಸಿಗಲಿಲ್ಲ. ಆದರೆ ಪ್ರತಿ ಚುಕ್ಕೆಯೂ ಹಿಂದಿನದಕ್ಕಿಂತ ಕೆಳಗಿದೆ. ಏಳು ಬೇರೆ ಬೇರೆ ಅಂಕಿಗಳು ಆಕಸ್ಮಿಕವಾಗಿ ಹೀಗೆ ಇಳಿಯುವ ಕ್ರಮದಲ್ಲೇ ಬೀಳುವ ಸಾಧ್ಯತೆ 5,040ಕ್ಕೆ ಒಂದು. ಇದು ಟ್ರೆಂಡ್. ಇಂಥದ್ದನ್ನು ಹಿಡಿಯಲೆಂದೇ ಕೆಲವು ಪ್ರಯೋಗಾಲಯಗಳು ಸತತ ಏಳು ಚುಕ್ಕೆ ಏರಿದರೆ ಅಥವಾ ಇಳಿದರೆ ಎಂಬ ಇನ್ನೊಂದು ನಿಯಮವನ್ನು ಸೇರಿಸಿಕೊಳ್ಳುತ್ತವೆ. ಆರು ಚುಕ್ಕೆ ಸಾಕು ಎನ್ನುವ ಪಠ್ಯಗಳೂ ಇವೆ.

ಶಿಫ್ಟ್‌ಗೆ ಕಾರಣ ಒಂದು ಘಟನೆ. ಟ್ರೆಂಡ್‌ಗೆ ಕಾರಣ ದಿನದಿಂದ ದಿನಕ್ಕೆ ಸವೆಯುತ್ತಿರುವ ಒಂದು ವಸ್ತು. ಸಕ್ಕರೆ ಅಳೆಯುವ ಜಿಒಡಿ-ಪಿಒಡಿ ವಿಧಾನದಲ್ಲಿ ಎರಡು ಕಿಣ್ವಗಳಿವೆ. ಗ್ಲೂಕೋಸ್ ಆಕ್ಸಿಡೇಸ್ ಸಕ್ಕರೆಯಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿಕೊಂಡು ಕೆಂಪು ಬಣ್ಣ ತರಿಸುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಗದಿತ ನಿಮಿಷಗಳು ಕಳೆದಾಗ ಸಕ್ಕರೆಯೆಲ್ಲ ಖರ್ಚಾಗಿ ಬಣ್ಣ ಪೂರ್ತಿ ಬಂದಿರಬೇಕು, ಆಗ 505 ನ್ಯಾನೋಮೀಟರ್ ಬೆಳಕಿನಲ್ಲಿ ಅದನ್ನು ಅಳೆಯುತ್ತಾರೆ. ರೀಏಜೆಂಟ್ ಬಾಟಲಿ ದಿನವೂ ಗಂಟೆಗಟ್ಟಲೆ ಫ್ರಿಜ್‌ನಿಂದ ಹೊರಗೆ ಮೇಜಿನ ಮೇಲೇ ಇದ್ದರೆ ಕಿಣ್ವದ ಶಕ್ತಿ ಸ್ವಲ್ಪ ಸ್ವಲ್ಪವೇ ಕುಂದುತ್ತದೆ. ಕ್ಯಾಲಿಬ್ರೇಷನ್ ದಿನವೂ ಮಾಡದೆ ಹಳೆಯ ಫ್ಯಾಕ್ಟರನ್ನೇ ಬಳಸುತ್ತಿದ್ದರೆ ಆ ಕುಂದು ನೇರವಾಗಿ ಉತ್ತರದಲ್ಲಿ ಕಾಣುತ್ತದೆ: ಅಷ್ಟೇ ನಿಮಿಷಗಳಲ್ಲಿ ಬಣ್ಣ ಪೂರ್ತಿ ಬರುವುದಿಲ್ಲ, ಅಂಕಿ ಇಳಿಯುತ್ತದೆ.

ಇದನ್ನು ಖಚಿತ ಮಾಡಿಕೊಳ್ಳುವ ದಾರಿ ಸರಳ. ಅವಧಿ ಮುಗಿದ ಮೇಲೂ ಅದೇ ಮಾದರಿಯನ್ನು ಇನ್ನೈದು ನಿಮಿಷ ಇಟ್ಟು ಮತ್ತೆ ಓದಬೇಕು. ಬಣ್ಣ ಇನ್ನೂ ಏರುತ್ತಿದ್ದರೆ ರೀಏಜೆಂಟ್ ಸೋತಿದೆ ಎಂದರ್ಥ. ಮೇಲ್ಮಟ್ಟದ ಕಂಟ್ರೋಲ್ ಈ ಸುದ್ದಿಯನ್ನು ಮೊದಲೇ ಹೇಳುತ್ತದೆ. ಹೆಚ್ಚು ಸಕ್ಕರೆಯನ್ನು ಮುಗಿಸಲು ಹೆಚ್ಚು ಕಿಣ್ವ ಬೇಕಾಗುವುದರಿಂದ, 120ರ ಚಾರ್ಟ್ ಇನ್ನೂ ಸರಿಯಾಗಿ ಕಾಣುತ್ತಿರುವಾಗಲೇ 280ರ ಚಾರ್ಟ್ ಇಳಿಯಲು ಶುರುವಾಗಿರುತ್ತದೆ. ಫೋಟೋಮೀಟರಿನ ದೀಪ ಹಳತಾಗುವುದು, ಫಿಲ್ಟರ್ ಮಸುಕಾಗುವುದು, ನೀರಿನ ಸ್ನಾನದ ಉಷ್ಣಾಂಶ ದಿನಕ್ಕಿಷ್ಟು ಸರಿಯುವುದು ಇವೂ ಟ್ರೆಂಡ್ ಆಗಿಯೇ ಕಾಣಿಸಿಕೊಳ್ಳುವ ಕಾರಣಗಳು.

ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಾಲು ಅಂಕಿಗಳನ್ನು ಕೊಟ್ಟು ಇದು ಶಿಫ್ಟ್ ಹೌದೋ ಟ್ರೆಂಡ್ ಹೌದೋ ಎಂದು ಕೇಳಿದಾಗ ಗೊಂದಲವಾಗುವುದು, ಎರಡರಲ್ಲೂ ಚುಕ್ಕೆಗಳು ಒಂದು ಬದಿಗೆ ಹೋಗುವುದರಿಂದ. ಬಿಡಿಸುವ ಕ್ರಮ ಹೀಗೆ: ಅಂಕಿಗಳು ಸರಾಸರಿಯ ಒಂದೇ ಬದಿಗೆ ಸೇರಿ, ಅಲ್ಲಿ ತಮ್ಮತಮ್ಮಲ್ಲೇ ಏರಿಳಿಯುತ್ತಿದ್ದರೆ ಶಿಫ್ಟ್. ಪ್ರತಿ ಅಂಕಿಯೂ ಹಿಂದಿನದಕ್ಕಿಂತ ಒಂದೇ ದಿಕ್ಕಿನಲ್ಲಿ ಮುಂದೆ ಹೋಗುತ್ತಿದ್ದರೆ ಟ್ರೆಂಡ್, ಅವು ಸರಾಸರಿಯ ಯಾವ ಬದಿಯಲ್ಲಿದ್ದರೂ ಸರಿ. ಎರಡೂ ಬದಿಗೆ ಎಂದಿಗಿಂತ ದೂರ ಚೆದುರಿದ್ದರೆ ಅದು ರ‍್ಯಾಂಡಮ್ ಎರರ್.

ಕೆಟ್ಟಿದ್ದು ಕಂಟ್ರೋಲೋ, ಪರೀಕ್ಷೆಯೋ

ಚುಕ್ಕೆ ಸರಿದ ಮಾತ್ರಕ್ಕೆ ರೋಗಿಗಳ ವರದಿಯೂ ಸರಿದಿದೆ ಎನ್ನಲಾಗದು. ಕಂಟ್ರೋಲ್ ಸೀರಂ ಕೂಡ ಕೆಡುವ ವಸ್ತು. ಮುಚ್ಚಳ ಸಡಿಲವಿದ್ದರೆ ನೀರು ಆವಿಯಾಗಿ ಉಳಿದ ದ್ರವ ಗಟ್ಟಿಯಾಗುತ್ತದೆ, ಚುಕ್ಕೆಗಳು ದಿನಕ್ಕಿಷ್ಟು ಏರುತ್ತವೆ. ಬ್ಯಾಕ್ಟೀರಿಯಾ ಸೇರಿದರೆ ಅವು ಸಕ್ಕರೆಯನ್ನು ತಿಂದು ಚುಕ್ಕೆಗಳು ಇಳಿಯುತ್ತವೆ. ಕರಗಿಸುವಾಗ ಕಂಟ್ರೋಲಿಗೇ 5.2 ಮಿಲಿಲೀಟರ್ ನೀರು ಬಿದ್ದಿದ್ದರೆ 120 ಬರಬೇಕಾದಲ್ಲಿ 115 ಬರುತ್ತದೆ, ಆದರೆ ರೋಗಿಗಳ ಉತ್ತರಕ್ಕೆ ಏನೂ ಆಗಿರುವುದಿಲ್ಲ.

ಇದನ್ನು ತಿಳಿಯಲು ಮೂರು ಹೆಜ್ಜೆಗಳಿವೆ. ಮೊದಲು ಇನ್ನೊಂದು ಮಟ್ಟದ ಕಂಟ್ರೋಲನ್ನು ನೋಡಬೇಕು. ಅದು ಸರಿಯಿದ್ದು ಇದೊಂದೇ ಸರಿದಿದ್ದರೆ ಈ ಬಾಟಲಿಯ ಮೇಲೆ ಅನುಮಾನ. ನಂತರ ಅದೇ ಲಾಟಿನ ಹೊಸ ಬಾಟಲಿಯನ್ನು ಸರಿಯಾದ ಪಿಪೆಟ್‌ನಿಂದ ಕರಗಿಸಿ ಹಾಕಬೇಕು. ಅದರ ಉತ್ತರ ನಡುಗೆರೆಗೆ ಬಂದರೆ ಹಳೆಯ ಬಾಟಲಿಯೇ ಕಾರಣ. ಅದೂ ಸರಿದೇ ಬಂದರೆ ಕ್ಯಾಲಿಬ್ರೇಷನ್, ರೀಏಜೆಂಟ್, ಯಂತ್ರ ಇವುಗಳ ಕಡೆಗೆ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಇಲ್ಲಿ ಮುಖ್ಯ. ರೀಏಜೆಂಟ್, ಕ್ಯಾಲಿಬ್ರೇಟರ್, ಕಂಟ್ರೋಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಚಾರ್ಟ್ ಸರಿಹೋಗಬಹುದು, ಯಾವುದು ಕೆಟ್ಟಿತ್ತು ಎಂಬುದು ತಿಳಿಯದೆ ಉಳಿಯುತ್ತದೆ. ಹಾಗಾದಾಗ ಹೊರಹೋದ ವರದಿಗಳನ್ನು ತಿದ್ದಬೇಕೋ ಬೇಡವೋ ಎಂದು ನಿರ್ಧರಿಸುವುದೂ ಆಗುವುದಿಲ್ಲ.

ರೋಗಿಗಳ ಉತ್ತರಗಳೂ ಸಾಕ್ಷಿ ಹೇಳುತ್ತವೆ. 1965ರಲ್ಲಿ ಹಾಫ್‌ಮನ್ ಮತ್ತು ವೇಡ್ ಒಂದು ಉಪಾಯ ಹೇಳಿದರು: ದಿನದ ವರದಿಗಳಲ್ಲಿ ಸಹಜ ವ್ಯಾಪ್ತಿಯೊಳಗೆ ಇರುವವನ್ನಷ್ಟೇ ಆರಿಸಿ ಸರಾಸರಿ ತೆಗೆಯುವುದು. ದಿನಕ್ಕೆ ನೂರಾರು ಪರೀಕ್ಷೆ ನಡೆಯುವ ಕಡೆ ಈ ಸರಾಸರಿ ದಿನದಿಂದ ದಿನಕ್ಕೆ ಹೆಚ್ಚು ಕದಲುವುದಿಲ್ಲ. ಕಂಟ್ರೋಲ್ ಚಾರ್ಟ್ ಸರಿದ ದಿನವೇ ಇದೂ ಅದೇ ದಿಕ್ಕಿಗೆ ಸರಿದಿದ್ದರೆ ಪರೀಕ್ಷೆಯೇ ಕೆಟ್ಟಿದೆ. ಸರಿಯದಿದ್ದರೆ ಕಂಟ್ರೋಲ್ ಬಾಟಲಿಯನ್ನು ನೋಡಬೇಕು. ದಿನಕ್ಕೆ ಹತ್ತಾರು ಪರೀಕ್ಷೆಗಳಷ್ಟೇ ನಡೆಯುವ ಸಣ್ಣ ಪ್ರಯೋಗಾಲಯದಲ್ಲಿ ಈ ಉಪಾಯಕ್ಕೆ ಬಲವಿರುವುದಿಲ್ಲ. ಅಂದು ಯಾರು ಬಂದರು ಎಂಬುದರ ಮೇಲೆಯೇ ಸರಾಸರಿ ಏರಿಳಿಯುತ್ತದೆ.

ಚಾರ್ಟಿಗೆ ಕಾಣದಿರುವುದು

ಕಂಟ್ರೋಲ್ ಚಾರ್ಟಿನ ನಡುಗೆರೆ ಆ ಪ್ರಯೋಗಾಲಯದ ಸ್ವಂತ ಸರಾಸರಿ. ಆದ್ದರಿಂದ ಚಾರ್ಟ್ ಹೇಳುವುದು, ನಿನ್ನೆ ಇದ್ದಂತೆ ಇಂದೂ ಇದೆಯೇ ಎಂಬುದನ್ನು ಮಾತ್ರ. ಗೆರೆ ಎಳೆದ ಆ ಮೊದಲ 20 ದಿನಗಳಲ್ಲೇ ಯಂತ್ರ 8 ಮಿಲಿಗ್ರಾಂ ಹೆಚ್ಚು ತೋರಿಸುತ್ತಿದ್ದರೆ, ಆ ಹೆಚ್ಚುವರಿಯೂ ಸರಾಸರಿಯಲ್ಲಿ ಸೇರಿಹೋಗುತ್ತದೆ. ಮುಂದೆ ವರ್ಷಗಟ್ಟಲೆ ಚುಕ್ಕೆಗಳು ನಡುಗೆರೆಯ ಸುತ್ತ ಅಚ್ಚುಕಟ್ಟಾಗಿ ಬೀಳುತ್ತವೆ, ಮೇಲೆ ಹೇಳಿದ ಎರಡನೇ ಪ್ರಯೋಗಾಲಯದಂತೆ. ಶಿಫ್ಟ್ ಮತ್ತು ಟ್ರೆಂಡ್ ಎರಡೂ ಬದಲಾವಣೆಯ ಹೆಸರುಗಳು. ಹುಟ್ಟಿನಿಂದಲೇ ಬಂದ ಬಯಾಸ್ ಬದಲಾಗುವುದಿಲ್ಲವಾದ್ದರಿಂದ ಚಾರ್ಟಿಗೆ ಕಾಣುವುದಿಲ್ಲ.

ಅದನ್ನು ಕಾಣಿಸುವುದು ಹೊರಗಿನ ಗುಣಮಟ್ಟ ಪರೀಕ್ಷೆ. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಜೀವರಸಾಯನ ಪರೀಕ್ಷೆಗಳಿಗೆ ಇಂಥ ಯೋಜನೆ ನಡೆಸುತ್ತದೆ. ಒಂದೇ ಮಾದರಿಯನ್ನು ಸದಸ್ಯ ಪ್ರಯೋಗಾಲಯಗಳಿಗೆ ಕಳಿಸಲಾಗುತ್ತದೆ. ಅದರ ಮೌಲ್ಯ ಅಳೆಯುವವರಿಗೆ ಗೊತ್ತಿರುವುದಿಲ್ಲ. ಬಂದ ಉತ್ತರವನ್ನು ಅದೇ ವಿಧಾನ ಬಳಸುವ ಇತರರ ಸರಾಸರಿಯೊಂದಿಗೆ ಹೋಲಿಸಿದಾಗ, ಈ ಪ್ರಯೋಗಾಲಯ ಎಷ್ಟು ಎಸ್‌ಡಿ ದೂರದಲ್ಲಿದೆ ಎಂದು ತಿಳಿಯುತ್ತದೆ. ಎರಡಕ್ಕಿಂತ ಹೆಚ್ಚು ದೂರವಿದ್ದರೆ ಎಚ್ಚರಿಕೆ, ಮೂರಕ್ಕಿಂತ ಹೆಚ್ಚಿದ್ದರೆ ಕಾರಣ ಹುಡುಕಲೇಬೇಕು. ಇಲ್ಲಿಯೂ ಸಾಲಾಗಿ ಓದುವ ಮಾತು ಅನ್ವಯಿಸುತ್ತದೆ: ತಿಂಗಳು ತಿಂಗಳೂ ಒಂದೂವರೆ ಎಸ್‌ಡಿಯಷ್ಟು ಮೇಲೆಯೇ ಇರುವ ಪ್ರಯೋಗಾಲಯ ಪ್ರತಿ ಸಲ ಪಾಸಾದರೂ ಅದಕ್ಕೆ ಬಯಾಸ್ ಇದೆ. ಎನ್‌ಎಬಿಎಲ್ ಮಾನ್ಯತೆ ಬಯಸುವ ವೈದ್ಯಕೀಯ ಪ್ರಯೋಗಾಲಯಗಳಿಗೆ ಅನ್ವಯಿಸುವ ಐಎಸ್‌ಒ 15189 ಮಾನದಂಡ ಒಳಗಿನ ಕಂಟ್ರೋಲ್, ಹೊರಗಿನ ಹೋಲಿಕೆ ಎರಡನ್ನೂ ಕೇಳುವುದು ಇದೇ ಕಾರಣಕ್ಕೆ.

ಯಂತ್ರಕ್ಕೆ ತಲುಪುವ ಮೊದಲೇ ಆಗುವ ತಪ್ಪುಗಳು ಚಾರ್ಟಿನ ಇನ್ನೊಂದು ಮಿತಿ. ರಕ್ತ ತೆಗೆದು ಸೀರಂ ಬೇರ್ಪಡಿಸದೆ ಕೋಣೆಯ ಉಷ್ಣಾಂಶದಲ್ಲಿ ಇಟ್ಟರೆ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. 130 ಇದ್ದ ರಕ್ತ ಒಂದು ಗಂಟೆ ಕಾದರೆ 126ರ ಗಡಿಯ ಕೆಳಗೆ ಬರುತ್ತದೆ. ಆ ಹೊತ್ತಿಗೆ ಕಂಟ್ರೋಲ್ ಸೀರಂ ಸರಿಯಾಗಿ 120 ತೋರಿಸುತ್ತಿರುತ್ತದೆ, ಏಕೆಂದರೆ ಅದರಲ್ಲಿ ರಕ್ತಕಣಗಳಿಲ್ಲ, ಅದು ಸಂಗ್ರಹ ಕೋಣೆಯಲ್ಲಿ ಕಾದಿಲ್ಲ. ಬೇಗನೆ ಬೇರ್ಪಡಿಸುವುದು, ಸಕ್ಕರೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸುವುದು, ರಕ್ತ ತೆಗೆದ ಹೊತ್ತನ್ನು ಬರೆಯುವುದು ಇದಕ್ಕೆ ಇರುವ ಕ್ರಮಗಳು. ಚಾರ್ಟ್ ಕಾಯುವುದು ಅಳತೆಯ ಹಂತವನ್ನು, ಅದೂ ಸಾಲಾಗಿ ಓದಿದಾಗ. ಅದರ ಹಿಂದಿನ ಹಂತವನ್ನು ರಕ್ತ ತೆಗೆಯುವವರೂ, ಅದರ ಬುನಾದಿಯ ಸರಾಸರಿಯನ್ನು ಹೊರಗಿನ ಹೋಲಿಕೆಯೂ ಕಾಯಬೇಕು.